ಎಂಟು ವಾರಗಳಲ್ಲಿ ಕ್ಲೌಡ್ ಪರೀಕ್ಷೆ: ಯಾವ ವಾರ ಏನು ಓದಬೇಕು?

ಕ್ಲೌಡ್ ಕಂಪ್ಯೂಟಿಂಗ್ ಕ್ಷೇತ್ರಕ್ಕೆ ಹೊಸದಾಗಿ ಕಾಲಿಡುವವರು ಬರೆಯುವ ಆರಂಭಿಕ ಪರೀಕ್ಷೆಗಳಲ್ಲಿ ಅಮೆಜಾನ್ ವೆಬ್ ಸರ್ವಿಸಸ್ ಸಂಸ್ಥೆಯ ‘ಸರ್ಟಿಫೈಡ್ ಕ್ಲೌಡ್ ಪ್ರಾಕ್ಟೀಷನರ್’ ಪ್ರಮುಖವಾದುದು. 2023ರ ಸೆಪ್ಟೆಂಬರ್ 19ರಿಂದ ಜಾರಿಯಲ್ಲಿರುವ ಆವೃತ್ತಿಯ ಸಂಕೇತ CLF-C02. ಶುಲ್ಕ 100 ಡಾಲರ್. ಅನುತ್ತೀರ್ಣರಾದವರು 14 ದಿನ ಕಾದು, ಮತ್ತೆ ಪೂರ್ಣ ಶುಲ್ಕ ತೆತ್ತು ಬರೆಯಬೇಕು. ಆದುದರಿಂದ ಮೊದಲ ಯತ್ನದಲ್ಲೇ ದಡ ಸೇರುವಂತೆ ಸಮಯವನ್ನು ಹಂಚಿಕೊಳ್ಳುವುದು ಜಾಣತನ.

ಪರೀಕ್ಷೆಯಲ್ಲಿ 65 ಪ್ರಶ್ನೆಗಳಿದ್ದು, 90 ನಿಮಿಷಗಳ ಕಾಲಾವಕಾಶವಿದೆ. ಇವುಗಳಲ್ಲಿ 50ಕ್ಕೆ ಮಾತ್ರ ಅಂಕ. ಉಳಿದ 15 ಪ್ರಶ್ನೆಗಳು ಪ್ರಾಯೋಗಿಕವಾದವು. ಆದರೆ ಅವು ಯಾವುವೆಂದು ಅಭ್ಯರ್ಥಿಗೆ ತಿಳಿಯುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. 1000ಕ್ಕೆ 700 ಅಂಕ ಬಂದರೆ ಉತ್ತೀರ್ಣ. ಪಠ್ಯದ ನಾಲ್ಕು ವಿಭಾಗಗಳಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕೆಂಬ ನಿಯಮವಿಲ್ಲ. ಒಟ್ಟು ಅಂಕವಷ್ಟೇ ಮುಖ್ಯ. ಓದಿನ ಯೋಜನೆಯ ಕೀಲಿ ಇರುವುದೇ ಇಲ್ಲಿ.

ತಂತ್ರಜ್ಞಾನ ಮತ್ತು ಸೇವೆಗಳ ವಿಭಾಗಕ್ಕೆ ಶೇ. 34, ಭದ್ರತೆ ಮತ್ತು ನಿಯಮಪಾಲನೆಗೆ ಶೇ. 30, ಕ್ಲೌಡ್ ಪರಿಕಲ್ಪನೆಗಳಿಗೆ ಶೇ. 24, ಬಿಲ್ಲಿಂಗ್ ಮತ್ತು ದರಗಳಿಗೆ ಶೇ. 12ರಷ್ಟು ಪಾಲಿದೆ. ಅನೇಕ ಆರಂಭಿಕರು ಸೇವೆಗಳ ಹೆಸರುಗಳನ್ನು ಗಿಣಿಪಾಠ ಮಾಡುವುದರಲ್ಲೇ ವಾರಗಳನ್ನು ಕಳೆದು, ಭದ್ರತೆಯನ್ನು ಕೊನೆಗೆ ತಳ್ಳುತ್ತಾರೆ. ಸುಮಾರು ಮೂರನೆಯ ಒಂದು ಭಾಗದಷ್ಟು ಅಂಕ ಅಲ್ಲಿರುವುದರಿಂದ ಅದನ್ನು ಮೊದಲೇ ಓದುವುದು ಲೇಸು. ದಿನಕ್ಕೊಂದು ಗಂಟೆಯಂತೆ ಎಂಟು ವಾರಗಳಿಗೆ 56 ಗಂಟೆಗಳಾಗುತ್ತವೆ. ಅವುಗಳನ್ನು ಹೀಗೆ ವಿಂಗಡಿಸಬಹುದು.

ಮೊದಲ ವಾರ: ಖಾತೆ ಮತ್ತು ಪರಿಕಲ್ಪನೆ

ರೀಜನ್, ಅವೈಲಬಿಲಿಟಿ ಝೋನ್ ಎಂಬ ಎರಡು ಪದಗಳಿಂದ ಆರಂಭಿಸಬೇಕು. ಮುಂಬೈ ಒಂದು ರೀಜನ್, ಹೈದರಾಬಾದ್ ಇನ್ನೊಂದು. ಒಂದು ರೀಜನ್‌ನೊಳಗೆ ಪರಸ್ಪರ ದೂರದಲ್ಲಿರುವ, ವಿದ್ಯುತ್ ಮತ್ತು ಜಾಲ ಸಂಪರ್ಕ ಬೇರೆ ಬೇರೆಯಾಗಿರುವ ಝೋನ್‌ಗಳಿರುತ್ತವೆ. ಒಂದು ಝೋನ್ ಸ್ಥಗಿತಗೊಂಡರೂ ಸೇವೆ ಮುಂದುವರಿಯಬೇಕಾದರೆ ಎರಡು ಝೋನ್ ಬೇಕು. ಗ್ರಾಹಕರು ದೂರದೇಶದಲ್ಲಿದ್ದರೆ ಬೇರೆ ರೀಜನ್ ಬೇಕು. ಪರೀಕ್ಷೆ ಕೇಳುವುದು ಈ ವ್ಯತ್ಯಾಸವನ್ನೇ.

ಇದೇ ವಾರ ಖಾತೆಯನ್ನೂ ತೆರೆಯಬೇಕು. 2025ರ ಜುಲೈ 15ರಿಂದ ಹೊಸ ಖಾತೆದಾರರಿಗೆ 100 ಡಾಲರ್ ಕ್ರೆಡಿಟ್ ದೊರೆಯುತ್ತಿದ್ದು, ಕೆಲವು ಕಾರ್ಯಗಳನ್ನು ಮುಗಿಸಿದರೆ ಇನ್ನೂ 100 ಡಾಲರ್‌ವರೆಗೆ ಗಳಿಸಬಹುದು. ಉಚಿತ ಯೋಜನೆಯ ಅವಧಿ ಆರು ತಿಂಗಳು ಅಥವಾ ಕ್ರೆಡಿಟ್ ಮುಗಿಯುವವರೆಗೆ. ಖಾತೆ ತೆರೆದೊಡನೆ ಮಾಡಬೇಕಾದ ಕೆಲಸಗಳು ಎರಡು: ರೂಟ್ ಬಳಕೆದಾರನಿಗೆ ಎರಡನೆಯ ಹಂತದ ದೃಢೀಕರಣ ಅಳವಡಿಸುವುದು ಮತ್ತು ಬಜೆಟ್ ಎಚ್ಚರಿಕೆ ಸಿದ್ಧಪಡಿಸುವುದು. ಇವೆರಡೂ ಪಠ್ಯದ ಭಾಗವೇ ಆಗಿವೆ.

ಎರಡು ಮತ್ತು ಮೂರನೆಯ ವಾರ: ಭದ್ರತೆ

ಈ ವಿಭಾಗದ ತಿರುಳು ‘ಹಂಚಿಕೊಂಡ ಹೊಣೆಗಾರಿಕೆ’ಯ ಸೂತ್ರ. ಕ್ಲೌಡ್‌ನ ಭದ್ರತೆ ಅಮೆಜಾನ್‌ನದು, ಕ್ಲೌಡ್‌ನೊಳಗಿನ ಭದ್ರತೆ ಗ್ರಾಹಕರದು ಎಂಬ ವಾಕ್ಯವನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಆದರೆ ಸೇವೆ ಬದಲಾದಂತೆ ಗಡಿರೇಖೆಯೂ ಸರಿಯುತ್ತದೆಂಬುದನ್ನು ಮರೆಯುತ್ತಾರೆ.

ಉದಾಹರಣೆಗೆ, ಒಂದು ಅಂಗಡಿಯ ಡೇಟಾಬೇಸ್ ಇಸಿ2 ಎಂಬ ಬಾಡಿಗೆ ಸರ್ವರ್‌ನಲ್ಲಿದೆ ಎಂದುಕೊಳ್ಳೋಣ. ಆಗ ಆಪರೇಟಿಂಗ್ ಸಿಸ್ಟಂಗೆ ತೇಪೆ ಹಾಕುವುದು, ಅಂದರೆ ಪ್ಯಾಚ್ ಮಾಡುವುದು, ಅಂಗಡಿಯವರ ಕೆಲಸ. ಅದೇ ಡೇಟಾಬೇಸನ್ನು ಆರ್‌ಡಿಎಸ್ ಎಂಬ ನಿರ್ವಹಿತ ಸೇವೆಗೆ ಸ್ಥಳಾಂತರಿಸಿದರೆ ಆ ಕೆಲಸ ಅಮೆಜಾನ್‌ನದಾಗುತ್ತದೆ. ಸರ್ವರ್ ಕಣ್ಣಿಗೇ ಬೀಳದ ಲ್ಯಾಂಬ್ಡಾದಲ್ಲಿ ಗ್ರಾಹಕರಿಗೆ ಉಳಿಯುವುದು ತಾವು ಬರೆದ ಕೋಡ್ ಮತ್ತು ಅದಕ್ಕೆ ಕೊಟ್ಟ ಅನುಮತಿಗಳ ಹೊಣೆ. ಆದರೆ ಮೂರರಲ್ಲಿಯೂ ಬದಲಾಗದ ಅಂಶವೊಂದಿದೆ: ದತ್ತಾಂಶ ಯಾರ ಕೈಗೆ ಸಿಗಬೇಕೆಂದು ನಿರ್ಧರಿಸುವವರು ಗ್ರಾಹಕರೇ. ಈ ಮೂರು ಸೇವೆಗಳಿಗೆ ಹೊಣೆಯ ಪಟ್ಟಿಯನ್ನು ಪುಸ್ತಕ ನೋಡದೆ ಬರೆಯಬಲ್ಲವರು ಮುಂದಿನ ಹಂತಕ್ಕೆ ಸಿದ್ಧರೆಂದು ತಿಳಿಯಬಹುದು.

ನಾಲ್ಕರಿಂದ ಆರನೆಯ ವಾರ: ಸೇವೆಗಳು

ಕಂಪ್ಯೂಟಿಂಗ್ ಮತ್ತು ಸಂಗ್ರಹಣೆಗೆ ಒಂದು ವಾರ, ಡೇಟಾಬೇಸ್ ಮತ್ತು ನೆಟ್‌ವರ್ಕ್‌ಗೆ ಒಂದು, ಉಳಿದ ಸೇವೆಗಳಿಗೆ ಒಂದು. ಇಲ್ಲಿ ಸೇವೆಗಳನ್ನು ಒಂಟಿಯಾಗಿ ಓದುವ ಬದಲು, ಒಂದನ್ನೊಂದು ಹೋಲುವವುಗಳನ್ನು ಜೊತೆಯಾಗಿಸಿ ಓದಬೇಕು. ಪ್ರಶ್ನೆಗಳ ತಪ್ಪು ಆಯ್ಕೆಗಳು ಬರುವುದು ಇಂಥ ಜೋಡಿಗಳಿಂದಲೇ. ಸರ್ವರ್ ಎಷ್ಟು ದಣಿದಿದೆ ಎಂದು ಅಳೆಯುವುದು ಕ್ಲೌಡ್‌ವಾಚ್. ಅದನ್ನು ಅಳಿಸಿದವರು ಯಾರು ಎಂದು ದಾಖಲಿಸುವುದು ಕ್ಲೌಡ್‌ಟ್ರೇಲ್. ಅದರ ಸಂರಚನೆ ಹೇಗೆ ಬದಲಾಗುತ್ತ ಬಂದಿದೆ ಎಂದು ತೋರಿಸುವುದು ಕಾನ್ಫಿಗ್. ಪ್ರತಿ ಸೇವೆಗೂ ಹೀಗೆ ಒಂದು ವಾಕ್ಯ ಸಾಕು. ಈ ಪರೀಕ್ಷೆ ಕೋಡ್ ಬರೆಯಲು ಹೇಳುವುದಿಲ್ಲ.

ಏಳನೆಯ ವಾರ: ಬಿಲ್ಲು

ಬಿಲ್ಲಿಂಗ್ ವಿಭಾಗ ಚಿಕ್ಕದಾದರೂ, ಬಂಡವಾಳ ಹೂಡುವ ಬದಲು ಬಳಸಿದಷ್ಟಕ್ಕೆ ಹಣ ಕೊಡುವ ಮೊದಲ ವಾರದ ಪರಿಕಲ್ಪನೆಗೆ ಅದು ಹೊಂದಿಕೊಂಡಿದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಪುನರಾವರ್ತಿಸಬೇಕು.

ಇಲ್ಲೊಂದು ಸಾಮಾನ್ಯ ಎಡವಟ್ಟಿದೆ. ಕಲಿಕೆಗೆಂದು ಇಸಿ2 ಸರ್ವರ್ ತೆರೆದವರು ಅದನ್ನು ‘ಸ್ಟಾಪ್’ ಮಾಡಿ ನಿಶ್ಚಿಂತರಾಗುತ್ತಾರೆ. ಸರ್ವರ್‌ನ ಗಂಟೆ ಲೆಕ್ಕವೇನೋ ನಿಲ್ಲುತ್ತದೆ. ಆದರೆ ಅದಕ್ಕೆ ಜೋಡಿಸಿದ ಡಿಸ್ಕ್ ಮತ್ತು ಕಾಯ್ದಿರಿಸಿದ ಎಲಾಸ್ಟಿಕ್ ಐಪಿ ವಿಳಾಸದ ಲೆಕ್ಕ ಓಡುತ್ತಲೇ ಇರುತ್ತದೆ. 2024ರ ಫೆಬ್ರವರಿ 1ರಿಂದ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ದರವಿದೆ. 30 ದಿನಗಳ 720 ಗಂಟೆಗೆ ಅದು 3.60 ಡಾಲರ್ ಆಗುತ್ತದೆ. ಉಚಿತ ಯೋಜನೆಯಲ್ಲಿ ಇದು ಕ್ರೆಡಿಟ್‌ನಿಂದ ಸದ್ದಿಲ್ಲದೆ ಕರಗುತ್ತದೆ. ವಾರಕ್ಕೊಮ್ಮೆ ಬಿಲ್ಲಿಂಗ್ ಪುಟವನ್ನು ಸೇವಾವಾರು ನೋಡಿದರೆ ಸೋರಿಕೆ ಪತ್ತೆಯಾಗುತ್ತದೆ. ಸರ್ವರನ್ನು ‘ಟರ್ಮಿನೇಟ್’ ಮಾಡಿ, ವಿಳಾಸವನ್ನು ಬಿಡುಗಡೆ ಮಾಡುವುದು, ಉಳಿದ ಡಿಸ್ಕ್ ಅಳಿಸುವುದು ಇದಕ್ಕೆ ಪರಿಹಾರ.

ಎಂಟನೆಯ ವಾರ: ಅಣಕು ಪರೀಕ್ಷೆ

ಕೊನೆಯ ವಾರ ಹೊಸ ಪಾಠ ಬೇಡ. ಮೂರು ಪೂರ್ಣ ಅಣಕು ಪರೀಕ್ಷೆಗಳನ್ನು ಸಮಯವಿಟ್ಟು ಬರೆದು, ಪ್ರತಿ ತಪ್ಪಿನ ಎದುರು ಕಾರಣ ನಮೂದಿಸಬೇಕು: ವಿಷಯವೇ ತಿಳಿದಿರಲಿಲ್ಲವೇ, ಜೋಡಿ ಸೇವೆಗಳು ಗೊಂದಲ ಮಾಡಿದವೇ, ‘ಅತಿ ಕಡಿಮೆ ವೆಚ್ಚದ’ ಎಂಬಂಥ ಷರತ್ತು ಕಣ್ತಪ್ಪಿತೇ? ಮೊದಲನೆಯದಕ್ಕೆ ಓದು ಬೇಕು, ಎರಡನೆಯದಕ್ಕೆ ಹೋಲಿಕೆಯ ಪಟ್ಟಿ ಬೇಕು, ಮೂರನೆಯದಕ್ಕೆ ನಿಧಾನ ಬೇಕು. ಒಮ್ಮೆ ಬರೆದ ಪ್ರಶ್ನೆಪತ್ರಿಕೆಯನ್ನೇ ಮತ್ತೆ ಬರೆದಾಗ ಬರುವ ಅಂಕ ನೆನಪಿನ ಅಳತೆಯೇ ಹೊರತು ಜ್ಞಾನದ್ದಲ್ಲ. 700 ಅಂಕವೆಂದರೆ ನೇರವಾಗಿ ಶೇ. 70 ಎಂದೂ ಅಲ್ಲ. ಹೀಗಾಗಿ ಮೊದಲ ಬಾರಿಗೆ ನೋಡಿದ ಪತ್ರಿಕೆಗಳಲ್ಲಿ ಶೇ. 80 ದಾಟುತ್ತಿದ್ದರೆ ಪರೀಕ್ಷೆಗೆ ಕೂರಬಹುದು. ಇಲ್ಲವಾದರೆ ದಿನಾಂಕವನ್ನು ಮುಂದೂಡುವುದು ಒಳಿತು. ನಿಗದಿತ ವೇಳೆಗೆ 24 ಗಂಟೆ ಮೊದಲಿನವರೆಗೆ ಅದಕ್ಕೆ ಅವಕಾಶವಿದೆ.

ಈ ಪರೀಕ್ಷೆ ಕನ್ನಡದಲ್ಲಿ ಲಭ್ಯವಿಲ್ಲ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷ್‌ನಲ್ಲಿ ಬರೆಯುವಾಗ ‘ESL +30’ ಸೌಲಭ್ಯದಡಿ 30 ನಿಮಿಷ ಹೆಚ್ಚುವರಿ ಪಡೆಯಬಹುದು. ಆಗ ಪ್ರತಿ ಪ್ರಶ್ನೆಗೆ ಸಿಗುವ ಅವಧಿ ಸುಮಾರು 83 ಸೆಕೆಂಡುಗಳಿಂದ 111ಕ್ಕೆ ಏರುತ್ತದೆ. ಆದರೆ ಈ ಕೋರಿಕೆಯನ್ನು ಪರೀಕ್ಷೆ ಕಾಯ್ದಿರಿಸುವುದಕ್ಕೆ ಮೊದಲೇ ಸಲ್ಲಿಸಬೇಕು. ದಿನಾಂಕ ಗೊತ್ತುಪಡಿಸಿದ ನಂತರ ಕೇಳಿದರೆ ಆ ಪರೀಕ್ಷೆಗೆ ಅದು ಅನ್ವಯವಾಗದು.