ಮೈತುಂಬ ಉಡುಪಿನ ಚಿತ್ರ: ಎಐಗೆ ಹೇಳುವುದು ಹೇಗೆ?

ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಹೊಲಿದ ಮೇಲೆ ಅದು ಹೇಗೆ ಕಾಣುತ್ತದೆ ಎಂದು ಗ್ರಾಹಕರಿಗೆ ತೋರಿಸಲು ಎಐ ಚಿತ್ರಗಳು ಟೈಲರ್‌ಗಳಿಗೆ ಅನುಕೂಲ. ಆದರೆ ಮೈತುಂಬ, ಸಡಿಲವಾದ ಬಟ್ಟೆ ಬೇಕೆನ್ನುವವರ ವಿಷಯದಲ್ಲಿ ಈ ಚಿತ್ರಗಳು ಮೊದಲ ಯತ್ನದಲ್ಲೇ ಎಡವುವುದುಂಟು. ಇದಕ್ಕೆ ಬಹುಪಾಲು ಕಾರಣ ನಾವು ಬರೆಯುವ ಪ್ರಾಂಪ್ಟ್.

ಮಂಗಳೂರಿನ ಬ್ಯಾರಿ ಕುಟುಂಬದ ಯುವತಿಯೊಬ್ಬಳು ಅಕ್ಕನ ಮದುವೆಗೆ ಚೂಡಿದಾರ್ ಹೊಲಿಸಲು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಟೈಲರ್ ಫೋನಿನಲ್ಲಿ ‘ಮುಸ್ಲಿಂ ಹುಡುಗಿಗೆ ಸಭ್ಯವಾದ ಪಾರ್ಟಿ ವೇರ್’ ಎಂದು ಟೈಪ್ ಮಾಡುತ್ತಾರೆ. ಬರುವ ಚಿತ್ರ ಎರಡರಲ್ಲಿ ಒಂದಾಗುವ ಸಂಭವ ಹೆಚ್ಚು: ಹಿಂದೆ ಅರಬ್ ದೇಶದ ಕಟ್ಟಡಗಳಿರುವ ಕಪ್ಪು ಬುರ್ಖಾ, ಇಲ್ಲವೇ ತಲೆಗೆ ಶಾಲು ಸುತ್ತಿದ್ದರೂ ಸೊಂಟ ಬಿಗಿದ, ನೆಟ್ ತೋಳಿನ ಗೌನು. ಎರಡೂ ಅವಳಿಗೆ ಬೇಕಾದ್ದಲ್ಲ.

ಯಾಕೆ ಹೀಗಾಗುತ್ತದೆ? 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಶನ್‌ನಂಥ ಎಐಗಳು ಕಲಿತದ್ದು ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳಿಂದ ಮತ್ತು ಅವುಗಳ ಜೊತೆಗಿದ್ದ ಬರಹಗಳಿಂದ. ‘ಪಾರ್ಟಿ ವೇರ್’ ಎಂಬ ಮಾತಿನ ಜೊತೆ ಅಲ್ಲಿ ಹೆಚ್ಚಾಗಿ ಇರುವುದು ಮಾಡೆಲ್‌ಗಳ ಫೋಟೋ. ‘ಸಭ್ಯ’ ಎಂಬುದು ಒಂದು ಅಭಿಪ್ರಾಯ, ಅದಕ್ಕೊಂದು ಆಕಾರವಿಲ್ಲ. ಒಂದು ಮನೆಯಲ್ಲಿ ಮುಕ್ಕಾಲು ತೋಳು ಸಭ್ಯ, ಪಕ್ಕದ ಮನೆಯಲ್ಲಿ ಅಲ್ಲ. ಇನ್ನು ಧರ್ಮದ ಹೆಸರು ಹೇಳಿದರೆ ಎಐ ಆ ಧರ್ಮದವರ ಬಗ್ಗೆ ಜಾಲದಲ್ಲಿ ತುಂಬಿರುವ ಒಂದೇ ಅಚ್ಚಿನ ಚಿತ್ರವನ್ನು ಎತ್ತಿ ಕೊಡುತ್ತದೆ. ಕಲಬುರಗಿಯ ಸೊಸೆ ಹಿರಿಯರ ಮುಂದೆ ತಲೆ ಮೇಲೆ ಸೆರಗು ಹೊದೆಯುವುದೂ ಮಂಗಳೂರಿನ ಹುಡುಗಿ ಶಾಲಿಗೆ ಪಿನ್ ಹಾಕುವುದೂ ಬೇರೆ ಬೇರೆ ಪದ್ಧತಿ. ಧರ್ಮದ ಹೆಸರಿನಿಂದ ಇದು ಯಾವುದೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಕೇಳಬೇಕಾದ್ದು ಉಡುವವರನ್ನು.

ನಮ್ಮ ಯುವತಿಯನ್ನು ಕೇಳಿದರೆ, “ತೋಳು ಮಣಿಕಟ್ಟಿನವರೆಗೆ ಬರಬೇಕು, ಸೊಂಟ ಎದ್ದು ಕಾಣಬಾರದು, ಕೂದಲು ಪೂರಾ ಮುಚ್ಚಬೇಕು. ಆದರೆ ಬಣ್ಣ ಮಾತ್ರ ಮದುವೆಗೆ ಒಪ್ಪುವ ಹಾಗಿರಲಿ ಅಣ್ಣಾ” ಎನ್ನುತ್ತಾಳೆ. ಪ್ರಾಂಪ್ಟಿಗೆ ಬೇಕಾದ್ದೆಲ್ಲ ಈ ಮಾತಿನಲ್ಲೇ ಇದೆ. ಅದನ್ನು ಹೀಗೆ ಬರೆಯಬಹುದು: ‘ಕಡು ಹಸಿರು ಕ್ರೇಪ್ ಬಟ್ಟೆಯ ಉದ್ದ ಕುರ್ತಾ, ಒಳಗೆ ಲೈನಿಂಗ್. ಭುಜದಿಂದ ನೇರವಾಗಿ ಇಳಿದು ಮೀನಖಂಡದ ನಡುವಿನವರೆಗೆ ಬರುತ್ತದೆ, ಸೊಂಟದಲ್ಲಿ ಬಿಗಿತವಿಲ್ಲ. ಮುಚ್ಚಿದ ಕಾಲರ್. ಅಗಲ ತೋಳು ಮಣಿಕಟ್ಟಿನವರೆಗೆ. ಅದೇ ಬಣ್ಣದ ಅಗಲವಾದ ಪ್ಯಾಂಟು ಪಾದದವರೆಗೆ. ಶಾಲು ಕೂದಲು, ಕುತ್ತಿಗೆ, ಎದೆಯನ್ನು ಮುಚ್ಚಿ ಪಿನ್ ಹಾಕಿದೆ. ತೋಳಿನ ತುದಿಗೆ ಚಿನ್ನದ ಬಣ್ಣದ ಸಣ್ಣ ಕಸೂತಿ. ಕೈ ಕೆಳಗಿಳಿಸಿ ನಿಂತ ಭಂಗಿ, ತಲೆಯಿಂದ ಪಾದದವರೆಗೆ ಪೂರ್ತಿ ಚಿತ್ರ, ಹಿಂದೆ ಬರೀ ಗೋಡೆ.’

ಇಲ್ಲಿ ಇಂಚಿನ ಲೆಕ್ಕವಿಲ್ಲ. ಇಂಚು ಟೇಪಿಗೆ ಬೇಕು. ಎಐಗೆ ಮಣಿಕಟ್ಟು, ಮೀನಖಂಡ, ಪಾದ ಎಂದು ಗುರುತು ಹೇಳಿದರೆ ಹೆಚ್ಚು ಸರಿಯಾಗಿ ಬರುತ್ತದೆ. ಬಟ್ಟೆಯ ಹೆಸರೂ ಮುಖ್ಯ. ಶಿಫಾನ್, ನೆಟ್ ಎಂದರೆ ಮೈ ಕಾಣುವ ತೆಳು ಬಟ್ಟೆಯೇ ಬರುತ್ತದೆ. ಭಂಗಿಯನ್ನೂ ಬಿಡಬಾರದು: ಕೈ ಎತ್ತಿದರೆ ತೋಳು ಮೊಣಕೈಗೆ ಜಾರುತ್ತದೆ, ಚಿತ್ರ ಸೊಂಟಕ್ಕೇ ಮುಗಿದರೆ ಉದ್ದ ಎಷ್ಟೆಂದು ಗೊತ್ತಾಗುವುದೇ ಇಲ್ಲ.

‘ತೋಳಿಲ್ಲದ ಬಟ್ಟೆ ಬೇಡ’ ಎಂದು ಬರೆಯುವವರಿದ್ದಾರೆ. ಹಲವು ಚಿತ್ರ ಎಐಗಳು ‘ಬೇಡ’ವನ್ನು ಬಿಟ್ಟು ‘ತೋಳಿಲ್ಲದ ಬಟ್ಟೆ’ಯನ್ನೇ ಹಿಡಿದುಕೊಳ್ಳುತ್ತವೆ. ಬೇಡದ್ದನ್ನು ಬರೆಯಲೆಂದೇ ಕೆಲವದರಲ್ಲಿ `Negative prompt` ಎಂಬ ಬೇರೆ ಜಾಗ ಇರುತ್ತದೆ. ಅದು ಇಲ್ಲದ ಕಡೆ ಬೇಕಾದ್ದನ್ನಷ್ಟೇ ಹೇಳುವುದು ಲೇಸು.

ಚಿತ್ರ ಬಂದ ಮೇಲೆ ಮಣಿಕಟ್ಟು, ಹಣೆಯ ಅಂಚಿನ ಕೂದಲು, ಕುರ್ತಾದ ಪಕ್ಕದ ಸೀಳು, ಈ ಮೂರು ಕಡೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ. ಸೀಳು ಸೊಂಟದವರೆಗೆ ಏರಿದ್ದರೆ ಇಡೀ ಪ್ರಾಂಪ್ಟ್ ಬದಲಿಸಬೇಡಿ. ಚಿತ್ರ ತಿದ್ದುವ ಸೌಲಭ್ಯವಿದ್ದರೆ ‘ಉಳಿದದ್ದೆಲ್ಲ ಹಾಗೇ ಇರಲಿ, ಪಕ್ಕದ ಸೀಳು ಮಂಡಿಯಿಂದ ಕೆಳಗೆ ಮಾತ್ರ’ ಎಂದಷ್ಟೇ ಹೇಳಿ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ಗ್ರಾಹಕಿಯ ಫೋಟೋವನ್ನು ಅವಳ ಒಪ್ಪಿಗೆಯಿಲ್ಲದೆ ಎಐಗೆ ಹಾಕಲೇಬಾರದು. ತಲೆ ಮುಚ್ಚಿಕೊಂಡೇ ಹೊರಗೆ ಬರುವವಳ ಬರಿತಲೆಯ ಫೋಟೋ ಯಾವುದೋ ಕಂಪನಿಯ ಸರ್ವರಿಗೆ ಹೋದರೆ, ಆ ಬಟ್ಟೆ ಎಷ್ಟು ಮೈ ಮುಚ್ಚಿದರೂ ಅವಳ ಮರ್ಯಾದೆ ಉಳಿಸಿದಂತಾಗುವುದಿಲ್ಲ. ಜೀವಿಗಳ ಚಿತ್ರವೇ ಬೇಡ ಎನ್ನುವ ಮನೆಗಳೂ ಇವೆ. ಅಂಥವರಿಗೆ ‘ಹ್ಯಾಂಗರಿಗೆ ಹಾಕಿದ ಉಡುಪು ಮಾತ್ರ’ ಎಂದು ಬರೆದರೆ ಸಾಕು; ತೋಳಿನ ಉದ್ದ, ಕಾಲರ್, ಕಸೂತಿ ಎಲ್ಲವೂ ಅದರಲ್ಲೇ ಕಾಣುತ್ತದೆ. ಬಟ್ಟೆ ಮೈಮೇಲೆ ಎಷ್ಟು ಸಡಿಲವಾಗಿ ಇಳಿಯುತ್ತದೆ ಎನ್ನುವುದನ್ನು ಮಾತ್ರ ಟೈಲರ್ ಟ್ರಯಲ್ ದಿನವೇ ನೋಡಬೇಕು, ಗ್ರಾಹಕಿ ಒಮ್ಮೆ ಕೂತು, ಎದ್ದು, ಕೈ ಎತ್ತಿ ತೋರಿಸಿದ ಮೇಲೆ.