ಬಿಪಿ, ಶುಗರ್ ಶಿಬಿರ: ಚೀಟಿ ಕೊಟ್ಟ ಮೇಲೆ ಏನು?

ಊರಿನ ಮೆಡಿಕಲ್ ಅಂಗಡಿಯ ಫಾರ್ಮಸಿಸ್ಟ್ ಒಬ್ಬರು ಭಾನುವಾರ ಶಾಲೆಯಲ್ಲಿ ತಪಾಸಣಾ ಶಿಬಿರ ಇಡಬೇಕೆಂದಿದ್ದಾರೆ ಎನ್ನಿ. ಅವರು ಮೊದಲು ಹೋಗಿ ಮಾತಾಡಬೇಕಾದ್ದು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಹತ್ತಿರ. ಫಾರ್ಮಸಿಸ್ಟ್ ಅಳೆಯಬಹುದು, ತಿಳಿಹೇಳಬಹುದು. ಕಾಯಿಲೆ ಇದೆಯೆಂದು ತೀರ್ಮಾನಿಸಿ ಗುಳಿಗೆ ಬರೆಯುವುದು ವೈದ್ಯರ ಕೆಲಸ. ಶಿಬಿರದಿಂದ ಕಳಿಸಿದವರನ್ನು ಅವರು ಯಾವ ದಿನ ನೋಡುತ್ತಾರೆಂದು ಗೊತ್ತಾದ ಮೇಲೆಯೇ ಕರಪತ್ರ ಅಚ್ಚು ಹಾಕಿಸಬೇಕು.

ಕರಪತ್ರದಲ್ಲಿ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಬರೆಯುವುದು ಅಪಾಯ. ಶುಗರ್ ಗುಳಿಗೆ ನುಂಗಿ, ತಿಂಡಿ ಬಿಟ್ಟು ಸಾಲಿನಲ್ಲಿ ನಿಂತವರಿಗೆ ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದು ತಲೆ ಸುತ್ತಬಹುದು. ತಿಂಡಿ ತಿಂದೇ ಬರಲಿ. ಎಷ್ಟು ಹೊತ್ತಿಗೆ ತಿಂದರೆಂದು ಕೇಳಿ ಬರೆದುಕೊಂಡರಾಯಿತು.

ಅವಸರದ ಅಳತೆ ಸುಳ್ಳು ಹೇಳುತ್ತದೆ. ನಡೆದು ಬಂದವರು ಐದು ನಿಮಿಷ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಮಾತಿಲ್ಲದೆ ಕೂರಬೇಕು. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯೂ ಬೇಕು. ಹಣ್ಣೋ ಬೆಲ್ಲವೋ ಅಂಟಿದ ಬೆರಳಿನಿಂದ ಶುಗರ್ ಸುಳ್ಳೇ ಏರುವುದರಿಂದ ಕೈ ತೊಳೆದು ಒರೆಸಿಕೊಂಡ ಮೇಲೆಯೇ ಚುಚ್ಚಬೇಕು. ಒಬ್ಬರಿಗೆ ಬಳಸಿದ ಸೂಜಿ ಮತ್ತೊಬ್ಬರಿಗೆ ಬೇಡ; ಅದು ನೇರ ಚುಚ್ಚಿಹೋಗದ ಗಟ್ಟಿ ಡಬ್ಬಿಗೆ.

ಐವತ್ತು ದಾಟಿದ ಒಬ್ಬ ಹೆಂಗಸು ಬಂದರೆನ್ನೋಣ. ಮೊದಲ ಬಿಪಿ 168/98. ಒಂದೊಂದು ನಿಮಿಷ ಬಿಟ್ಟು ನೋಡಿದರೆ 154/94, ಆಮೇಲೆ 152/92. ಕೊನೆಯ ಎರಡರ ಸರಾಸರಿ 153/93, ಅಂದರೆ 140/90ರ ಗೆರೆ ದಾಟಿದೆ. ತಿಂಡಿಯಾಗಿ ಎರಡು ಗಂಟೆಗೆ ಶುಗರ್ 236. ಬಾಯಾರಿಕೆ ಹೆಚ್ಚಿದೆ, ರಾತ್ರಿ ಮೂತ್ರಕ್ಕೆ ಏಳುತ್ತಾರೆ.

“ಅಮ್ಮಾ, ಕಾಯಿಲೆ ಇದೆ ಅಂತ ನಾನು ಹೇಳೋಕಾಗಲ್ಲ. ಆದ್ರೆ ಬಿಡೋ ಹಾಗೂ ಇಲ್ಲ. ನಾಳೆನೇ ಡಾಕ್ಟ್ರಿಗೆ ತೋರ್ಸಿ, ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡ್ಸಿ.”

ಚೀಟಿಯಲ್ಲಿ ‘ಬಿಪಿ ಜಾಸ್ತಿ’ ಎಂದಷ್ಟೇ ಗೀಚಿದರೆ ವೈದ್ಯರಿಗೆ ಉಪಯೋಗವಿಲ್ಲ. ಮೂರೂ ಅಳತೆ, ಹೊತ್ತು, ತಿಂಡಿಯ ಸಮಯ, ತೊಂದರೆಗಳು, ಈಗ ನುಂಗುತ್ತಿರುವ ಗುಳಿಗೆಗಳು (ನೋವಿನ ಗುಳಿಗೆಯೂ ಸೇರಿ, ಕೆಲವು ಬಿಪಿ ಏರಿಸುತ್ತವೆ) ಅದರಲ್ಲಿರಬೇಕು. ಬಿಪಿ 180/120 ಮುಟ್ಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವಿಕೆ ಕಂಡರೆ ಚೀಟಿಗೆ ಕಾಯಬಾರದು, 108ಕ್ಕೆ ಫೋನ್ ಮಾಡಬೇಕು.

ಇಷ್ಟೂ ವಿವರ ರಿಜಿಸ್ಟರಿನಲ್ಲೂ ಇರಬೇಕು, ಒಪ್ಪಿಗೆಯ ಸಹಿ ಮತ್ತು ಫೋನ್ ನಂಬರಿನೊಂದಿಗೆ. ಪಕ್ಕದವರು ಇಣುಕುವಂತೆ ಅದನ್ನು ಮೇಜಿನ ಮೇಲೆ ಬಿಚ್ಚಿಡಬಾರದು. ನನ್ನ ಮಟ್ಟಿಗೆ ಅದರ ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: ‘ವೈದ್ಯರನ್ನು ಕಂಡರೇ?’ ಆ ಹೆಂಗಸಿಗೆ ಎರಡು ದಿನಕ್ಕೆ, ಉಳಿದವರಿಗೆ ವಾರದೊಳಗೆ ಫೋನ್ ಮಾಡಿ ಅದನ್ನು ತುಂಬಬೇಕು. ಹೋಗಿಲ್ಲವೆಂದರೆ ಕಾರಣ ಕೇಳಬೇಕು: ಕೂಲಿ ತಪ್ಪುತ್ತದೆಯೋ, ಬಸ್ಸಿಲ್ಲವೋ, ಭಯವೋ. ಅವರು ಒಪ್ಪಿದರೆ ಆಶಾ ಕಾರ್ಯಕರ್ತೆಗೆ ಹೆಸರು ತಿಳಿಸಿ, ಜೊತೆಗೆ ಕರೆದೊಯ್ಯುವಂತೆ ಕೇಳಿಕೊಳ್ಳಬೇಕು.