ಏಳು ಲಕ್ಷದ ವರ್ಷ, ಮೂರು ಲಕ್ಷದ ವರ್ಷ

ನಮ್ಮ ಓಣಿಯ ಹುಡುಗನೊಬ್ಬ ಹುಬ್ಬಳ್ಳಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಸೇಲ್ಸ್ ಕೆಲಸ ಮಾಡುತ್ತಾನೆ. ತಿಂಗಳಿಗೆ 40,000 ರೂಪಾಯಿ, ಅಂದರೆ ವರ್ಷಕ್ಕೆ 4,80,000. ಈಗ ಇನ್ನೊಬ್ಬ ಡೀಲರ್ ಕರೆದಿದ್ದಾರೆ. ಸಂಬಳ 15,000 ಮಾತ್ರ, ಆದರೆ ಮಾರಿದ ಒಂದೊಂದು ಟ್ರ್ಯಾಕ್ಟರಿಗೂ 4,000 ಕಮಿಷನ್. "ಮಳಿ ಛಲೋ ಆದ್ರ ಏಳು ಲಕ್ಷ ಬರ್ತೈತ್ರಿ, ಕಾಕಾ" ಅಂದ.

ಆ ಮಾತು ಸುಳ್ಳಲ್ಲ. ಒಳ್ಳೆಯ ವರ್ಷ ಅವನು 130 ಟ್ರ್ಯಾಕ್ಟರ್ ಮಾರಬಲ್ಲ. ಕಮಿಷನ್, ಸಂಬಳ ಸೇರಿ 7,00,000. ಸಾಧಾರಣ ವರ್ಷ 85 ಮಾರಿದರೆ 5,20,000. ಬರಗಾಲದಲ್ಲಿ 35 ಹೋದರೆ ಹೆಚ್ಚು, ಆಗ ಸಿಗುವುದು 3,20,000. ಹಳೆಯ ಮಾರಾಟದ ಲೆಕ್ಕ ತರಿಸಿ ನೋಡಿದೆವು. ಹತ್ತು ವರ್ಷಗಳಲ್ಲಿ ಮೂರು ಒಳ್ಳೆಯವು, ನಾಲ್ಕು ಸಾಧಾರಣ, ಮೂರು ಕೆಟ್ಟವು. ಏಳು ಲಕ್ಷವನ್ನು ಮೂರರಿಂದ, 5,20,000 ಅನ್ನು ನಾಲ್ಕರಿಂದ, 3,20,000 ಅನ್ನು ಮೂರರಿಂದ ಗುಣಿಸಿ ಕೂಡಿ ಹತ್ತರಿಂದ ಭಾಗಿಸಿದರೆ 5,14,000. ಇದೇ ನಿರೀಕ್ಷಿತ ವರಮಾನ. ಈಗಿನ ಸಂಬಳಕ್ಕಿಂತ 34,000 ಹೆಚ್ಚು.

ಆದರೆ ಪಿಎಫ್ ಮರೆಯಬಾರದು. ಈಗ ಅವನ ಬೇಸಿಕ್ 25,000. ಅದರ ಶೇ 12ರಂತೆ ಮಾಲೀಕರು ವರ್ಷಕ್ಕೆ 36,000 ಕಟ್ಟುತ್ತಾರೆ. ಹೊಸ ಕಡೆ 15,000ದ ಮೇಲೆ ಕಟ್ಟುವುದು 21,600. ಕಮಿಷನ್ನಿಗೆ ಪಿಎಫ್ ಇಲ್ಲ. ಈ 14,400 ಕಳೆದರೆ ಲಾಭ ಉಳಿಯುವುದು 19,600.

ಇನ್ನು ಆ ಮೂರು, ನಾಲ್ಕು, ಮೂರು ಎಂಬ ಎಣಿಕೆಯೇ ಸ್ವಲ್ಪ ತಪ್ಪಿದ್ದರೆ? ಸಾಧಾರಣ ಎಂದುಕೊಂಡ ಒಂದೇ ವರ್ಷ ಬರಕ್ಕೆ ಸೇರಿದರೆ ಸರಾಸರಿ 20,000 ಇಳಿಯುತ್ತದೆ, ಲಾಭವೆಲ್ಲ ಕರಗಿಹೋಗುತ್ತದೆ. ಹತ್ತರಲ್ಲಿ ಒಂದು ವರ್ಷದ ಅಂದಾಜು ಯಾರಿಗಾದರೂ ತಪ್ಪೀತು. ಡೀಲರ್ ಹೇಳುವ ಸರಾಸರಿ ಇತ್ತೀಚಿನ ಎರಡು ಮೂರು ಒಳ್ಳೆಯ ವರ್ಷಗಳದ್ದೇ ಆಗಿದ್ದರಂತೂ ಅದನ್ನು ನಂಬಲೇಬಾರದು.

ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಬೇರೆ. ಸರಾಸರಿ ಬರುವುದು ಹತ್ತು ವರ್ಷ ದಾಟಿದ ಮೇಲೆ, ಮನೆಯ ಖರ್ಚು ಪ್ರತಿ ತಿಂಗಳೂ ಇರುತ್ತದೆ. ಅವನ ಮನೆಗೆ 32,000 ಬೇಕು, ವರ್ಷಕ್ಕೆ 3,84,000. ಬರದ ವರ್ಷ 64,000 ಕೊರತೆ. ಬರ ಒಂದೇ ವರ್ಷಕ್ಕೆ ಮುಗಿಯುತ್ತದೆಂಬ ಭರವಸೆಯೂ ಇಲ್ಲ: 2001ರಿಂದ ರಾಜ್ಯ ಸತತ ಮೂರು ವರ್ಷ ಬರ ಕಂಡಿತು. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮೂರು ವರ್ಷ ತಾಳಬೇಕಾದರೆ ಕೈಯಲ್ಲಿ 1,92,000 ಇರಬೇಕು. ಅವನ ಬಳಿ ಇದ್ದದ್ದು 60,000.

ಬೇಡವೆನ್ನಲು ಮನಸ್ಸಾಗಲಿಲ್ಲ. ಸಂಬಳ 20,000, ಕಮಿಷನ್ 3,300 ಕೇಳು ಅಂದೆ. ಆಗಲೂ ಸರಾಸರಿ 5,15,000ದ ಆಸುಪಾಸು, ಡೀಲರಿಗೆ ಹೆಚ್ಚಿನ ಹೊರೆಯೇನೂ ಇಲ್ಲ. ಇವನಿಗೆ ಮಾತ್ರ ಬರದ ವರ್ಷದ ಕೊರತೆ 64,000ದಿಂದ 28,500ಕ್ಕೆ ಇಳಿಯುತ್ತದೆ. ಸೋಮವಾರ ಆ ಲೆಕ್ಕದ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋಗಿದ್ದಾನೆ.